ತುರಿಕೆ, ಮೊಸರಿನಂಥ ಬಿಳುಪು: ಮಾತ್ರೆ ನುಂಗುವ ಮೊದಲು ನೋಡಬೇಕಾದ್ದು

ಹರಿಹರದ ಕಡೆಯಿಂದ ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಬಂದವರಿಗೆ 38 ವರ್ಷ. ಕುರ್ಚಿಯ ಅಂಚಿನಲ್ಲಿ ಕೂತು, ದನಿ ತಗ್ಗಿಸಿ, "ಮೇಡಂ, ಬಿಳಿ ಹೋಗ್ತದೆ, ನವೆ ತಡಿಯೋಕಾಗಲ್ಲ" ಎಂದರು. ಹಲ್ಲುನೋವಿಗೆ ಐದು ದಿನ ಆಂಟಿಬಯೋಟಿಕ್ ನುಂಗಿದ್ದರಂತೆ. ಅದು ಮುಗಿದ ವಾರದಲ್ಲೇ ತುರಿಕೆ ಶುರು. ಔಷಧಿ ಅಂಗಡಿಯಲ್ಲಿ "ಬಿಳಿ ಸೆರಗು" ಎಂದಷ್ಟೇ ಹೇಳಿದ್ದಕ್ಕೆ ಮೆಟ್ರೋನಿಡಜೋಲ್ ಮಾತ್ರೆ ಕೊಟ್ಟಿದ್ದರು. ಏಳು ದಿನ ನುಂಗಿದರು. ತುರಿಕೆ ಜಾಸ್ತಿಯೇ ಆಯಿತು.

ಆ ಮಾತ್ರೆ ಬೇರೆ ತೊಂದರೆಯದ್ದು. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಮೊಸರು ಹುಳಿಯಾಗಿಸುವ ಬ್ಯಾಕ್ಟೀರಿಯಾದ ಬಳಗದವೇ ಇವು. ಒಳಗಿನ ಜಾಗವನ್ನು ಹುಳಿಯಾಗಿಟ್ಟು ಕಾಯುತ್ತವೆ. ಕ್ಯಾಂಡಿಡಾ ಎಂಬ ಯೀಸ್ಟ್ ಕೂಡ ಅಲ್ಲಿ ಸುಮ್ನೆ ಇದ್ದಿರಬಹುದು. ಆಂಟಿಬಯೋಟಿಕ್‌ಗೆ ಕಾವಲಿನವು ಸತ್ತರೆ ಯೀಸ್ಟ್ ಬೆಳೆಯುತ್ತದೆ. ಅದೇ ಯೀಸ್ಟ್ ಸೋಂಕು. ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ ಕಥೆ ಬೇರೆ. ಅಲ್ಲಿ ಕಾವಲಿನವು ಕಡಿಮೆಯಾಗಿ, ಬೇರೆ ಬೇರೆ ಬ್ಯಾಕ್ಟೀರಿಯಾ ತುಂಬಿಕೊಂಡು, ಹುಳಿ ಇಳಿಯುತ್ತದೆ. ಮೆಟ್ರೋನಿಡಜೋಲ್ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟ್ ಅನ್ನು ಮುಟ್ಟುವುದೂ ಇಲ್ಲ.

ಮೊದಲು ಬಟ್ಟೆ ನೋಡಿ. ಸಂಜೆ ಒಳಉಡುಪು ಬದಲಿಸುವಾಗ ಬೆಳಕಿನಲ್ಲಿ ಗಮನಿಸಿ. ಒಡೆದ ಹಾಲಿನ ಗಟ್ಟಿಯಂತೆ ಉಂಡೆಯುಂಡೆಯಾಗಿ ಅಂಟಿಕೊಂಡಿದ್ದು, ವಾಸನೆ ಅಷ್ಟಾಗಿ ಇಲ್ಲದಿದ್ದರೆ ಯೀಸ್ಟ್ ಕಡೆಗೆ ತೋರುತ್ತದೆ. ವಜೈನೋಸಿಸ್‌ನಲ್ಲಿ ಹೋಗುವುದು ನೀರು ಬೆರೆಸಿದ ಹಾಲಿನ ಹಾಗೆ ತೆಳು, ಬೂದು ಬಿಳುಪು. ಮೀನಿನ ವಾಸನೆ ಇರುತ್ತದೆ. ಗಂಡನ ಜೊತೆ ಸೇರಿದ ಮೇಲೆ ಈ ವಾಸನೆ ಜಾಸ್ತಿ, ಏಕೆಂದರೆ ವೀರ್ಯ ಹುಳಿಯನ್ನು ಇನ್ನಷ್ಟು ಇಳಿಸುತ್ತದೆ.

ಆಮೇಲೆ ತುರಿಕೆ. ಯೀಸ್ಟ್‌ನಲ್ಲಿ ಮುಖ್ಯ ದೂರೇ ಇದು. ಹೊರಗಿನ ಚರ್ಮ ಕೆಂಪಾಗಿ ಊದಿಕೊಳ್ಳುತ್ತದೆ, ಮೂತ್ರ ತಾಗಿದರೆ ಉರಿಯುತ್ತದೆ. ವಜೈನೋಸಿಸ್‌ನಲ್ಲಿ ತುರಿಕೆ ಕಡಿಮೆ, ಹಲವರಿಗೆ ಇರುವುದೇ ಇಲ್ಲ. ಹಳದಿ-ಹಸಿರು ಬಣ್ಣ, ನೊರೆ, ವಾಸನೆ, ತುರಿಕೆ ಎಲ್ಲ ಕೂಡಿದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ರೋಗಾಣು ಇರಬಹುದು. ಅದು ಲೈಂಗಿಕವಾಗಿ ಹರಡುವಂಥದ್ದು, ಗಂಡನಿಗೂ ಔಷಧಿ ಬೇಕು.

ಇಷ್ಟು ನೋಡಿ ನಾವೇ ತೀರ್ಮಾನಿಸಿದರೆ ಎಷ್ಟೋ ಸಲ ತಪ್ಪುತ್ತದೆ. ಯೀಸ್ಟ್, ವಜೈನೋಸಿಸ್ ಎರಡೂ ಒಟ್ಟಿಗೆ ಇರುವುದೂ ಉಂಟು. ಮೊದಲ ಸಲ ಆಗಿದ್ದರೆ, ಬಸುರಿಯಾಗಿದ್ದರೆ, ಜ್ವರ, ಕೆಳಹೊಟ್ಟೆ ನೋವು ಅಥವಾ ಹುಣ್ಣು ಇದ್ದರೆ ನೇರ ಡಾಕ್ಟರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಉಚಿತವಾಗಿ ನೋಡುತ್ತಾರೆ.

ಹೋಗುವ ಹಿಂದಿನ ದಿನ ಒಳಗೆ ನೀರು ಹಾಕಿ ತೊಳೆಯಬೇಡಿ, ಕ್ರೀಮ್ ಇಡಬೇಡಿ, ಸೇರುವುದೂ ಬೇಡ. ಮುಟ್ಟು ನಿಂತ ಮೇಲೆ ಹೋಗುವುದು ಒಳ್ಳೆಯದು. ರಕ್ತವಾಗಲಿ ವೀರ್ಯವಾಗಲಿ ಇದ್ದರೆ ಹುಳಿಯ ಅಳತೆ ಸುಳ್ಳು ಹೇಳುತ್ತದೆ.

ಅಲ್ಲಿ ಏನು ಮಾಡುತ್ತಾರೆ? ಹತ್ತಿಯ ಕಡ್ಡಿಯಲ್ಲಿ ತೆಗೆದ ದ್ರವವನ್ನು ಹುಳಿ ಅಳೆಯುವ ಪಿಎಚ್ ಕಾಗದಕ್ಕೆ ತಾಗಿಸುತ್ತಾರೆ. ಹುಳಿ ಇಳಿದಷ್ಟೂ ಇದರ ಅಂಕಿ ಏರುತ್ತದೆ. 4.5ರ ಒಳಗಿದ್ದರೆ ಹುಳಿ ಸರಿಯಾಗಿದೆ ಎಂದರ್ಥ, ಯೀಸ್ಟ್‌ನಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಅದನ್ನು ದಾಟಿದರೆ ವಜೈನೋಸಿಸ್ ಅಥವಾ ಟ್ರೈಕೊಮೊನಾಸ್‌ನ ಅನುಮಾನ. ಮುಂದೆ ಗಾಜಿನ ಮೇಲೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಹಾಕುತ್ತಾರೆ. ಆ ಹನಿಯ ಕೆಲಸ ನನಗೆ ಇವತ್ತಿಗೂ ಇಷ್ಟ. ವಜೈನೋಸಿಸ್ ಇದ್ದರೆ ಮೀನಿನ ವಾಸನೆ ಥಟ್ಟನೆ ಮೇಲೇಳುತ್ತದೆ. ಯೀಸ್ಟ್ ಇದ್ದರೆ ಸುತ್ತಲಿನ ಕೋಶಗಳು ಕರಗಿ, ಯೀಸ್ಟ್‌ನ ಎಳೆಗಳು ಮೈಕ್ರೋಸ್ಕೋಪಿನಲ್ಲಿ ಎದ್ದು ಕಾಣುತ್ತವೆ. ಆ ಹನಿ ಹಾಕದ ಇನ್ನೊಂದು ಗಾಜಿನಲ್ಲಿ, ವಜೈನೋಸಿಸ್‌ನ ಕೋಶಗಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಂತೆ ಅಂಚಿನವರೆಗೂ ಬ್ಯಾಕ್ಟೀರಿಯಾ ಮೆತ್ತಿಕೊಂಡಿರುತ್ತವೆ.

ಹರಿಹರದ ಆ ತಾಯಿಗೆ ಪಿಎಚ್ 4 ಇತ್ತು, ವಾಸನೆ ಇಲ್ಲ, ಎಳೆಗಳು ಕಂಡವು. ವರ್ಷದಲ್ಲಿ ಇದು ಮೂರನೆಯ ಸಲ ಎಂದಾಗ ಸಕ್ಕರೆ ನೋಡಿಸಿದೆ. ಖಾಲಿ ಹೊಟ್ಟೆಯಲ್ಲಿ 164, ಮರುದಿನವೂ ಹೆಚ್ಚುಕಮ್ಮಿ ಅಷ್ಟೇ. 126 ಮುಟ್ಟಿದರೇ ಸಕ್ಕರೆ ಕಾಯಿಲೆ ಎನ್ನುತ್ತೇವೆ. ರಕ್ತದಲ್ಲಿ ಸಕ್ಕರೆ ಏರಿದಾಗ ಯೀಸ್ಟ್‌ಗೆ ಬೆಳೆಯುವುದು ಸಲೀಸು. ಇಂಥವರಿಗೆ ಒಂದೇ ದಿನದ ಔಷಧಿ ಸಾಲದು. ಕ್ಲೋಟ್ರಿಮಜೋಲ್ 100 ಮಿಲಿಗ್ರಾಂ ಮಾತ್ರೆಯನ್ನು ಏಳು ರಾತ್ರಿ, ಮಲಗುವಾಗ ಒಳಗೆ ಇಡಲು ಹೇಳಿದೆ. ಸಕ್ಕರೆಗೂ ಔಷಧಿ ಶುರು ಮಾಡಿದೆ. ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಬೇರೆಯವರಿಗೆ ಒಂದು ಸಲ ಸಾಕಾಗುತ್ತದೆ, ಆದರೆ ಬಸುರಿಯರು ನುಂಗಬಾರದು.

ನವೆ ನಿಲ್ಲಲಿ ಎಂದು ಸ್ಟೆರಾಯ್ಡ್ ಬೆರೆತ ಕ್ರೀಮ್ ಹಚ್ಚುವವರು ಬಹಳ. ಅದು ಎರಡು ದಿನ ತಂಪೆನಿಸಿ, ಆಮೇಲೆ ಯೀಸ್ಟ್ ಮತ್ತಷ್ಟು ಹರಡುತ್ತದೆ. ಮನೆಯಲ್ಲಿ ಅಂಥ ಟ್ಯೂಬ್ ಹಚ್ಚಿದ್ದರೆ, ಆಸ್ಪತ್ರೆಗೆ ಬರುವಾಗ ಅದನ್ನೂ ತನ್ನಿ.