ಗುಳಿಗೆ ಸ್ಟ್ರಿಪ್ ಕತ್ತರಿಸುವ ಮುಂಚೆ

ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಗುಳಿಗೆ ತೆಗೆಯಿರಿ. ಮೊನ್ನೆ ವಿಜಯಪುರದ ನಮ್ಮ ಓಣಿ ಗುಂಪಿನಲ್ಲಿ ಒಬ್ಬರು ಒಂದೇ ಗುಳಿಗೆಯ ಫೋಟೋ ಹಾಕಿ, ‘ಅವ್ವನ ಶುಗರ್ ಗುಳಿಗೆ ಇದೇನಾ?’ ಅಂತ ಕೇಳಿದ್ದರು. ಹೇಗೆ ಹೇಳುವುದು? ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್ ಗುಳಿಗೆ 1 ಮಿ.ಗ್ರಾಂನಲ್ಲೂ ಬರುತ್ತದೆ, 2ರಲ್ಲೂ ಬರುತ್ತದೆ. ಬಣ್ಣ ಕಂಪನಿಗೊಂದು ತರ. ಸುಮ್ನೆ ಅಂದಾಜಿನಲ್ಲಿ ಜಾಸ್ತಿ ಡೋಸ್ ಕೊಟ್ಟರೆ ಸಕ್ಕರೆ ಇಳಿದು ಬೆವರು, ನಡುಕ ಬರುತ್ತದೆ, ಎಚ್ಚರವೂ ತಪ್ಪಬಹುದು. ಕೇಳುವುದಾದರೆ ಹೆಸರು, ಮಿ.ಗ್ರಾಂ, ಎಕ್ಸ್‌ಪೈರಿ ಕಾಣುವ ಹಿಂಬದಿ ತೋರಿಸಿ. ಅಂಗಡಿಯವರೇ ಕತ್ತರಿಸಿ ಕೊಟ್ಟ ಎರಡು-ಮೂರು ಗುಳಿಗೆಯ ತುಂಡಿಗೆ ಈ ಉಪಾಯ ನಡೆಯಲ್ಲ. ಅಲ್ಲೇ ಇಡೀ ಸ್ಟ್ರಿಪ್‌ನ ಫೋಟೋ ತೆಗೆದುಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಎರಡೂ ಇಲ್ಲವಾ? ಆ ತುಂಡು ಬಿಡಿ, ಡಾಕ್ಟರ ಚೀಟಿ ತೋರಿಸಿ ಹೊಸದು ತನ್ನಿ.