ಕರೆಂಟ್ ಇರುವ ಎರಡು ಗಂಟೆಯಲ್ಲಿ ಟ್ಯಾಬ್ ಚಾರ್ಜ್ ಆಗಬೇಕಿತ್ತು

ನಮ್ಮ ಮನೆ ಚಿಕ್ಕಮಗಳೂರಿನ ಆಲ್ದೂರು ಕಡೆ. ಕಾಫಿ ತೋಟವೊಂದರಲ್ಲಿ ನಾನು ರೈಟರ್. ಜುಲೈ ಮಳೆ ಹಿಡಿಯಿತೆಂದರೆ ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬೀಳುವುದು, ಕರೆಂಟ್ ಹೋಗುವುದು ನಮಗೆ ಹೊಸದೇನಲ್ಲ. ಎಷ್ಟೋ ದಿನ ಸಂಜೆ ಏಳಕ್ಕೆ ಬಂದ ಕರೆಂಟ್ ಒಂಬತ್ತಕ್ಕೆ ಮತ್ತೆ ಹೋಗುತ್ತದೆ. ಆ ಎರಡು ಗಂಟೆಯಲ್ಲಿ ಮೋಟಾರ್ ಹಾಕಬೇಕು, ಮಿಕ್ಸಿ ಓಡಿಸಬೇಕು, ಫೋನ್‌ಗಳು ಚಾರ್ಜ್ ಆಗಬೇಕು. ಕಳೆದ ವರ್ಷದಿಂದ ಮಗಳ ಟ್ಯಾಬ್ ಕೂಡ ಈ ಸಾಲಿಗೆ ಸೇರಿತು. ಅವಳು ಸೆಕೆಂಡ್ ಪಿಯುಸಿ. ಸಿಇಟಿ ಪಾಠಗಳನ್ನೆಲ್ಲ ಟ್ಯಾಬ್‌ಗೆ ಡೌನ್‌ಲೋಡ್ ಮಾಡಿಕೊಂಡು ರಾತ್ರಿ ನೋಡುತ್ತಾಳೆ.

ಒಂದು ದಿನ ರಾತ್ರಿ ಒಂಬತ್ತಕ್ಕೆ ಬಂದು ಟ್ಯಾಬ್ ತೋರಿಸಿದಳು. "ಅಪ್ಪಾ, ಏಳು ಗಂಟೆಗೆ ಹಾಕಿದಾಗ ಹದಿನಾಲ್ಕು ಇತ್ತು. ಈಗ ಹನ್ನೆರಡು. ಚಾರ್ಜಿಗೆ ಹಾಕಿದ್ರೂ ಕಮ್ಮಿ ಆಗಿದೆ!"

ನೋಡಿದರೆ ಪರದೆ ಮೇಲೆ `Charging slowly` ಎಂದು ಬರುತ್ತಿತ್ತು. ಚಾರ್ಜರ್ ನನ್ನ ಫೋನಿನದು. ಅದರ ಮೈಮೇಲೆ ದೊಡ್ಡದಾಗಿ 65 ವ್ಯಾಟ್ ಎಂದು ಬರೆದಿದೆ. ನನ್ನ ಫೋನನ್ನು ಮುಕ್ಕಾಲು ಗಂಟೆಯೊಳಗೆ ಪೂರ್ತಿ ತುಂಬಿಸುತ್ತದೆ. ಅಂಥ ಚಾರ್ಜರ್ ಇದ್ದೂ ಟ್ಯಾಬ್ ಇಳಿಯುತ್ತಿದೆ ಎಂದರೆ ಟ್ಯಾಬ್‌ನ ಬ್ಯಾಟರಿಯೇ ಹೋಗಿದೆ ಎಂದುಕೊಂಡೆ. ಪೇಟೆಯ ಅಂಗಡಿಯವರೊಬ್ಬರು ಫೋನಿನಲ್ಲೇ "ಬ್ಯಾಟರಿ ಬದಲಾಯಿಸಬೇಕು, ತಗೊಂಡು ಬನ್ನಿ ಸಾರ್" ಅಂದರು. ಮಳೆ ಜೋರಾಗಿ ಎರಡು ದಿನ ಹೋಗಲಾಗಲಿಲ್ಲ. ಒಳ್ಳೆಯದೇ ಆಯಿತು. ಬ್ಯಾಟರಿಗೆ ಏನೂ ಆಗಿರಲಿಲ್ಲ.

ಆ ಎರಡು ದಿನದಲ್ಲಿ ಮೊದಲು ಮಾಡಿದ ಕೆಲಸ ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿದ್ದು. ಬರಿಗಣ್ಣಿಗೆ ಕಾಣಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಔಟ್‌ಪುಟ್ ಎಂಬ ಸಾಲಿನಲ್ಲಿ ಎರಡು ಲೆಕ್ಕ ಇದ್ದವು. ಒಂದು 5 ವೋಲ್ಟ್, 2 ಆಂಪಿಯರ್. ಇನ್ನೊಂದು 10 ವೋಲ್ಟ್, 6.5 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಅಂದರೆ ಮೊದಲನೆಯದು 10 ವ್ಯಾಟ್, ಎರಡನೆಯದು 65. ನಡುವೆ ಬೇರೆ ಯಾವ ಮೆಟ್ಟಿಲೂ ಇಲ್ಲ. ಇಡೀ ಕಥೆ ಇರುವುದು ಇಲ್ಲೇ.

ಈಗಿನ ಚಾರ್ಜರ್ ಕೇಬಲ್ ಸಿಕ್ಕಿಸಿದ ತಕ್ಷಣ ದೊಡ್ಡ ವೋಲ್ಟ್ ಕೊಡುವುದಿಲ್ಲ. ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಆಮೇಲೆ ಚಾರ್ಜರ್ ಮತ್ತು ಸಾಧನ ಎರಡೂ ಕೇಬಲ್ ಮೂಲಕ ಮಾತಾಡಿಕೊಳ್ಳುತ್ತವೆ. "ನಾನು ಇಷ್ಟು ಕೊಡಬಲ್ಲೆ", "ನನಗೆ ಇಷ್ಟು ಬೇಕು" ಎಂದು ಒಪ್ಪಂದ ಆದರೆ ಮಾತ್ರ ವೋಲ್ಟ್ ಏರುತ್ತದೆ. ನನ್ನ ಫೋನಿನ 65 ವ್ಯಾಟ್ ಆ ಕಂಪನಿಯದೇ ಭಾಷೆಯಲ್ಲಿ ನಡೆಯುತ್ತದೆ. ಫೋನಿಗೆ ಆ ಭಾಷೆ ಬರುತ್ತದೆ, ಬೇರೆ ಕಂಪನಿಯ ಟ್ಯಾಬ್‌ಗೆ ಬರುವುದಿಲ್ಲ. ಟ್ಯಾಬ್‌ಗೆ ಗೊತ್ತಿರುವುದು ಪಿಡಿ, ಅಂದರೆ ಪವರ್ ಡೆಲಿವರಿ ಎಂಬ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಭಾಷೆ. ಮಾತು ಕೂಡಲಿಲ್ಲ, ಚಾರ್ಜರ್ 5 ವೋಲ್ಟ್‌ನಲ್ಲೇ ನಿಂತಿತು. ನಮ್ಮ ಟ್ಯಾಬ್ ಪಾಲಿಗೆ ಅದು 65 ವ್ಯಾಟ್ ಚಾರ್ಜರ್ ಅಲ್ಲವೇ ಅಲ್ಲ, ಬರೀ 10 ವ್ಯಾಟ್ ಚಾರ್ಜರ್.

ಆದರೂ 10 ವ್ಯಾಟ್ ಬಂದರೆ ನಿಧಾನವಾಗಿಯಾದರೂ ಏರಬೇಕಲ್ವಾ? ಇಳಿದದ್ದು ಯಾಕೆ? ಅದು ಗೊತ್ತಾಗಬೇಕು ಅಂತ ಒಂದು ಯುಎಸ್‌ಬಿ ಮೀಟರ್ ತರಿಸಿದೆ. ಹೆಬ್ಬೆರಳಿನಷ್ಟು ದೊಡ್ಡದು. ಒಂದು ತುದಿ ಟ್ಯಾಬ್‌ಗೆ, ಇನ್ನೊಂದು ತುದಿಗೆ ಕೇಬಲ್. ಪುಟ್ಟ ಪರದೆಯಲ್ಲಿ ವೋಲ್ಟ್, ಆಂಪಿಯರ್ ಎರಡೂ ಕಾಣುತ್ತವೆ. ಟ್ಯಾಬ್‌ನ ತುದಿಯಲ್ಲಿ ನೋಡಿದರೆ 4.4 ವೋಲ್ಟ್, 0.9 ಆಂಪಿಯರ್. ಗುಣಿಸಿದರೆ ಬರೀ 4 ವ್ಯಾಟ್!

ಉಳಿದ 6 ವ್ಯಾಟ್ ಹೋಗಿದ್ದು ಕೇಬಲ್‌ನಿಂದಾಗಿ. ಹಾಸಿಗೆಯವರೆಗೆ ಬರಲಿ ಎಂದು ಮಗಳು ಎರಡು ಮೀಟರಿನ ಅಗ್ಗದ ಕೇಬಲ್ ಹಾಕಿಕೊಂಡಿದ್ದಳು. ಒಳಗಿನ ತಂತಿ ತೀರಾ ತೆಳು. ಅಂಥ ಉದ್ದ ತಂತಿಯಲ್ಲಿ ಕರೆಂಟ್ ಹರಿದಾಗ ವೋಲ್ಟ್ ಕಳೆದುಹೋಗುತ್ತದೆ. ತೋಟದ ಕೊನೆಯಲ್ಲಿರುವ ಮೋಟಾರಿಗೆ ತೆಳು ವೈರ್ ಎಳೆದರೆ ಅದು ಗುಂಯ್‌ಗುಡುತ್ತದೆಯೇ ಹೊರತು ನೀರೆತ್ತುವುದಿಲ್ಲ. ಇಲ್ಲೂ ಅದೇ ಆಗುತ್ತಿತ್ತು. ಬರುವ ವೋಲ್ಟ್ ತೀರಾ ಕುಸಿಯಬಾರದೆಂದು ಟ್ಯಾಬ್ ತಾನೇ ಎಳೆಯುವ ಆಂಪಿಯರ್ ಕಡಿಮೆ ಮಾಡಿಕೊಳ್ಳುತ್ತದೆ. ಅದೇ ಚಾರ್ಜರಿಗೆ ಒಂದು ಮೀಟರಿನ ಗಟ್ಟಿ ಕೇಬಲ್ ಹಾಕಿ ನೋಡಿದೆ. 4.8 ವೋಲ್ಟ್, 1.7 ಆಂಪಿಯರ್ ಬಂತು. ಸುಮಾರು 8 ವ್ಯಾಟ್. ಕೇಬಲ್ ಒಂದನ್ನು ಬದಲಿಸಿದ್ದಕ್ಕೇ ಎರಡು ಪಟ್ಟು.

ಈಗ ಟ್ಯಾಬ್ ಕಡೆಯ ಲೆಕ್ಕ ನೋಡೋಣ. ಬ್ಯಾಟರಿ 8,000 ಎಂಎಎಚ್. ಒಳಗಿನ ಬ್ಯಾಟರಿಯ ವೋಲ್ಟ್ 3.85 ಎಂದು ಹಿಡಿದರೆ ಸುಮಾರು 31 ವ್ಯಾಟ್‌-ಗಂಟೆ ತುಂಬಿಸಬೇಕು. ನನ್ನ ಫೋನಿನ 5,000 ಎಂಎಎಚ್ ಬ್ಯಾಟರಿಗೆ 19 ಸಾಕು. ಜೊತೆಗೆ ಟ್ಯಾಬ್‌ನ ಪರದೆ ದೊಡ್ಡದು. ಬೆಳಕು ಜಾಸ್ತಿ ಇಟ್ಟು ವಿಡಿಯೋ ನೋಡಿದರೆ ಅದೇ ನಾಲ್ಕು ವ್ಯಾಟ್ ಆಸುಪಾಸು ತಿನ್ನುತ್ತದೆ. ಬರುವುದು ನಾಲ್ಕು, ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಖರ್ಚು ನಾಲ್ಕು. ಮಗಳು ಚಾರ್ಜಿಗೆ ಹಾಕಿಕೊಂಡೇ ಪಾಠ ನೋಡುತ್ತಿದ್ದಳು. ಹದಿನಾಲ್ಕು ಹನ್ನೆರಡಾಗಿದ್ದು ಹೀಗೆ.

ಮೀಟರ್ ಇಲ್ಲದವರೂ ಇದನ್ನು ಕಂಡುಹಿಡಿಯಬಹುದು. ಟ್ಯಾಬ್ 20 ಪರ್ಸೆಂಟ್ ಆಸುಪಾಸು ಇರುವಾಗ ಪರದೆ ಆರಿಸಿ ಅರ್ಧ ಗಂಟೆ ಚಾರ್ಜಿಗೆ ಹಾಕಿ, ಎಷ್ಟು ಏರಿತು ನೋಡಿ. ನಮ್ಮಲ್ಲಿ ತೆಳು ಕೇಬಲ್‌ನಲ್ಲಿ 5 ಏರಿತು, ಗಟ್ಟಿ ಕೇಬಲ್‌ನಲ್ಲಿ 11. ಚಾರ್ಜರ್ ಒಂದೇ ಇಟ್ಟು ಕೇಬಲ್ ಬದಲಿಸಿ, ಆಮೇಲೆ ಕೇಬಲ್ ಒಂದೇ ಇಟ್ಟು ಚಾರ್ಜರ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದು ಎಂದು ತಿಳಿಯುವುದಿಲ್ಲ. 80 ದಾಟಿದ ಮೇಲೆ ಈ ಪರೀಕ್ಷೆ ಮಾಡಬೇಡಿ. ಅಲ್ಲಿಂದ ಮುಂದೆ ಬ್ಯಾಟರಿಯ ಕಾಳಜಿಗೆ ಟ್ಯಾಬ್ ತಾನೇ ನಿಧಾನ ಮಾಡುತ್ತದೆ, ಎಷ್ಟು ಒಳ್ಳೆಯ ಚಾರ್ಜರ್ ಹಾಕಿದರೂ ಅಷ್ಟೆ. ಮೈ ಬಿಸಿಯಾದಾಗಲೂ ಹಾಗೇ. ಅದಕ್ಕೇ ಚಾರ್ಜ್ ಆಗುವ ಟ್ಯಾಬನ್ನು ಹಾಸಿಗೆ ಮೇಲೆ, ಕಂಬಳಿ ಒಳಗೆ ಇಡಬಾರದು.

ಇನ್ನು ಚಾರ್ಜರ್ ಆರಿಸುವುದು. ಅಂಗಡಿಗೆ ಹೋಗುವ ಮುಂಚೆ ಗೊತ್ತಿರಬೇಕಾದ್ದು ಒಂದೇ: ನಿಮ್ಮ ಟ್ಯಾಬ್ ಹೆಚ್ಚೆಂದರೆ ಎಷ್ಟು ಎಳೆಯುತ್ತದೆ, ಯಾವ ಭಾಷೆಯಲ್ಲಿ. ನಮ್ಮ ಟ್ಯಾಬ್‌ನ ಡಬ್ಬಿಯಲ್ಲಿ ಚಾರ್ಜರ್ ಇರಲಿಲ್ಲ, ಆದರೆ ಜೊತೆಗಿದ್ದ ಪುಸ್ತಕದಲ್ಲಿ 18 ವ್ಯಾಟ್, 9 ವೋಲ್ಟ್ 2 ಆಂಪಿಯರ್, ಪಿಡಿ ಎಂದಿತ್ತು. ಹಾಗಾಗಿ ನಾನು ಹುಡುಕಿದ್ದು ಔಟ್‌ಪುಟ್ ಸಾಲಿನಲ್ಲಿ 9 ವೋಲ್ಟ್ ಎಂದಿದ್ದು, ಅದರ ಮುಂದೆ 2 ಆಂಪಿಯರ್ ಅಥವಾ ಜಾಸ್ತಿ ಇರುವ ಪಿಡಿ ಚಾರ್ಜರ್. ಡಬ್ಬಿ ಮೇಲಿನ ದೊಡ್ಡ ವ್ಯಾಟ್ ಅಂಕಿ ನಾನು ನೋಡಲೇ ಇಲ್ಲ. ಕೆಲವು ಟ್ಯಾಬ್‌ಗಳು ಪೂರ್ತಿ ವೇಗಕ್ಕೆ ಪಿಪಿಎಸ್ ಕೇಳುತ್ತವೆ. ಅದು ಪಿಡಿಯದೇ ಇನ್ನೊಂದು ಬಗೆ. ನಿಮ್ಮ ಪುಸ್ತಕದಲ್ಲಿ ಹಾಗೆ ಬರೆದಿದ್ದರೆ ಚಾರ್ಜರ್ ಮೇಲೂ ಪಿಪಿಎಸ್ ಎಂದು ಇರಲೇಬೇಕು. ಹಳೆಯ ಮೈಕ್ರೋ ಯುಎಸ್‌ಬಿ ಕಿಂಡಿಯ ಟ್ಯಾಬ್ ಆದರೆ ಇದೆಲ್ಲ ಬೇಡ. ಹೆಚ್ಚಿನವಕ್ಕೆ 5 ವೋಲ್ಟ್ 2 ಆಂಪಿಯರ್‌ನ ಒಳ್ಳೆಯ ಚಾರ್ಜರ್, ಗಿಡ್ಡ ಕೇಬಲ್ ಸಾಕು.

ಇನ್ನೊಂದು ವಿಷಯ ತುಂಬಾ ಜನ ತಪ್ಪುತ್ತಾರೆ. ಪಿಡಿ ಮಾತುಕತೆ ನಡೆಯುವುದು ಸಿ ಟೈಪ್ ಪ್ಲಗ್ಗಿನ ಒಂದು ಪಿನ್ ಮೂಲಕ. ಹಳೆಯ ಅಗಲ ಕಿಂಡಿಯ ಚಾರ್ಜರಿಗೆ ಹಾಕುವ ಕೇಬಲ್‌ನಲ್ಲಿ ಆ ದಾರಿಯೇ ಇಲ್ಲ. ಹಾಗಾಗಿ ಎರಡೂ ತುದಿ ಸಿ ಟೈಪ್ ಇರುವ ಕೇಬಲ್ ಬೇಕೇ ಬೇಕು. ಟ್ಯಾಬ್ ಜೊತೆ ಬಂದದ್ದು ಅಂಥದ್ದೇ ಕೇಬಲ್. ನನ್ನ ಫೋನಿನ ಚಾರ್ಜರಿಗೆ ಅಗಲ ಕಿಂಡಿ, ಅದು ಹಿಡಿಯಲಿಲ್ಲ ಎಂದು ಬೀರುವಿನಲ್ಲಿ ಎತ್ತಿಟ್ಟಿದ್ದೆವು. ಸರಿಯಾದ ಕೇಬಲ್ ಮನೆಯಲ್ಲೇ ಇತ್ತು.

ಮಳೆ ಬಿಟ್ಟ ದಿನ ಚಿಕ್ಕಮಗಳೂರಿಗೆ ಹೋಗಿ ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದೆ. ಹುಡುಗ ಮೊದಲು ತೋರಿಸಿದ್ದು ಇನ್ನೂರೈವತ್ತು ರೂಪಾಯಿಯದು. ಡಬ್ಬಿ ಮೇಲೆ 65 ವ್ಯಾಟ್. "ಇದ್ರಲ್ಲಿ ಎಲ್ಲಾ ಫಾಸ್ಟ್ ಆಗುತ್ತೆ ಅಣ್ಣ" ಅಂದ. ತಿರುಗಿಸಿ ನೋಡಿದೆ. ಔಟ್‌ಪುಟ್ ಸಾಲು ಮಸುಕು, ಬಿಐಎಸ್ ಗುರುತಿಲ್ಲ, ಅದರ ಕೆಳಗೆ ಇರಬೇಕಾದ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರೂ ಇಲ್ಲ. ನಮ್ಮ ದೇಶದಲ್ಲಿ ಮೊಬೈಲ್ ಚಾರ್ಜರ್‌ಗೆ ಈ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ತಯಾರಕರದು ಎಂದು ಬರುತ್ತದೆ. ಕರೆಂಟ್ ಹೋಗಿ ಬರುವ ನಮ್ಮ ಕಡೆ ನಂಬರ್ ಇಲ್ಲದ್ದನ್ನು ಗೋಡೆಗೆ ಸಿಕ್ಕಿಸಲು ನನಗಂತೂ ಧೈರ್ಯವಿಲ್ಲ. ಕೊನೆಗೆ ಒಂದೇ ಸಿ ಕಿಂಡಿ ಇರುವ 25 ವ್ಯಾಟ್‌ನ ಪಿಡಿ ಚಾರ್ಜರ್ ತೆಗೆದುಕೊಂಡೆ. ಎರಡು ಕಿಂಡಿಯದೂ ಇತ್ತು. ಆದರೆ ಅಂಥವುಗಳಲ್ಲಿ ಎರಡನೆಯದಕ್ಕೂ ಫೋನ್ ಹಾಕಿದರೆ ವ್ಯಾಟ್ ಹಂಚಿಹೋಗುತ್ತದೆ. ನಮಗೆ ಸಿಗುವುದೇ ಎರಡು ಗಂಟೆ, ಹಂಚಿಕೊಂಡರೆ ಆಗದು.

ಮನೆಯಲ್ಲಿ ಹೆಂಡತಿಗೆ ಚಿಂತೆ. "ಟ್ಯಾಬ್‌ಗೆ ಹದಿನೆಂಟು ಸಾಕು ಅಂದ್ರಿ, ಇಪ್ಪತ್ತೈದರದು ತಂದಿದೀರಲ್ಲ ರೀ. ಸುಟ್ಟು ಗಿಟ್ಟು ಹೋದ್ರೆ?" ಹಾಗಾಗುವುದಿಲ್ಲ. ಎಷ್ಟು ಎಳೆಯಬೇಕೆಂದು ತೀರ್ಮಾನ ಮಾಡುವುದು ಟ್ಯಾಬ್. ಚಾರ್ಜರ್ ಬಲವಂತವಾಗಿ ತಳ್ಳುವುದಿಲ್ಲ. ಮೀಟರ್ ಹಾಕಿ ಅವಳಿಗೇ ತೋರಿಸಿದೆ. ಮೊದಲು 5 ವೋಲ್ಟ್ ಕಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ 8.9ಕ್ಕೆ ಹಾರಿತು. ಆಂಪಿಯರ್ 1.9. ಸುಮಾರು 17 ವ್ಯಾಟ್, ಅದರ ಮೇಲೆ ಹೋಗಲಿಲ್ಲ.

ಅರ್ಧ ಗಂಟೆಯಲ್ಲಿ 23 ಪರ್ಸೆಂಟ್ ಏರಿತು. ಈಗ ಕರೆಂಟ್ ಬಂದ ಕೂಡಲೇ ಮಗಳು ಪರದೆ ಆರಿಸಿ ಟ್ಯಾಬನ್ನು ಮೇಜಿನ ಮೇಲೆ ಚಾರ್ಜಿಗೆ ಇಡುತ್ತಾಳೆ, ಆ ಹೊತ್ತು ಪುಸ್ತಕ ಓದುತ್ತಾಳೆ. ಏಳಕ್ಕೆ ಹನ್ನೆರಡು ಇದ್ದದ್ದು ಒಂಬತ್ತರ ಹೊತ್ತಿಗೆ ತೊಂಬತ್ತರ ಹತ್ತಿರ ಇರುತ್ತದೆ. ಎರಡು ಮೀಟರಿನ ಆ ಕೇಬಲ್‌ಗೆ ಕೆಂಪು ದಾರ ಕಟ್ಟಿದ್ದೇವೆ, ಟ್ಯಾಬ್‌ಗೆ ಹಾಕಬಾರದೆಂಬ ಗುರುತಿಗೆ. ಟಾರ್ಚ್ ಚಾರ್ಜ್ ಮಾಡಲು ಅದೇ ಸಾಕು.