ಹೊಸಬರಿಗೊಬ್ಬ ಜೊತೆಗಾರ: ಮೂರನೇ ವಾರಕ್ಕೇ ನಿಂತುಹೋಗದಂತೆ ನಡೆಸುವುದು ಹೇಗೆ?

ಬೆಂಗಳೂರಿನ ಅನೇಕ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ ದಿನ ಲ್ಯಾಪ್‌ಟಾಪ್, ಗುರುತಿನ ಚೀಟಿ ಮತ್ತು ಪಿಎಫ್ ಅರ್ಜಿಗಳ ಜೊತೆಗೆ ಹೊಸಬರಿಗೆ ಒಂದು ಇಮೇಲ್ ಕೂಡ ಬರುತ್ತದೆ: ಇಂಥವರು ನಿಮ್ಮ ‘ಬಡ್ಡಿ’, ಅಂದರೆ ಜೊತೆಗಾರರು, ಏನೇ ಸಂದೇಹವಿದ್ದರೂ ಅವರನ್ನು ಕೇಳಿ. ಅಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ. ಮೊದಲ ವಾರ ಕಾಫಿ ಮಷಿನ್ನಿನ ಬಳಿ ನಾಲ್ಕು ಮಾತು ನಡೆಯುತ್ತದೆ. ಎರಡನೇ ವಾರ ‘ಹೇಗಿದೆ?’ ಎಂಬ ಒಂದು ಚಾಟ್ ಸಂದೇಶ ಬರುತ್ತದೆ. ಮೂರನೇ ವಾರ ಅದೂ ಇರುವುದಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ. ಜೊತೆಗಾರರಿಗೆ ತಮ್ಮ ಕೆಲಸದ ಗಡುವು ಹತ್ತಿರವಾಗಿರುತ್ತದೆ. ಹೊಸಬರಿಗೆ ಮತ್ತೆ ಮತ್ತೆ ಕೇಳಿದರೆ ದಡ್ಡರೆಂದುಕೊಂಡಾರು ಎಂಬ ಸಂಕೋಚವಿರುತ್ತದೆ. ಪ್ರಶ್ನೆಗಳು ನಿಂತಾಗ ಜೊತೆಗಾರರು ‘ಇವರಿಗೆ ಎಲ್ಲ ಗೊತ್ತಾಗಿದೆ’ ಎಂದು ತಿಳಿಯುತ್ತಾರೆ. ಆದರೆ ನಿಜವಾದ ಕೆಲಸ ಕೈಗೆ ಬಂದು ಕಠಿಣ ಪ್ರಶ್ನೆಗಳು ಹುಟ್ಟುವುದೇ ಆ ಹೊತ್ತಿಗೆ. ಆದ್ದರಿಂದ ಈ ವ್ಯವಸ್ಥೆಯನ್ನು ಇಬ್ಬರ ಒಳ್ಳೆಯತನದ ಮೇಲೆ ಬಿಡದೆ ಸಮಯ, ದಿನಾಂಕ ಮತ್ತು ಒಬ್ಬ ಮೇಲ್ವಿಚಾರಕರ ಆಸರೆಯ ಮೇಲೆ ಕಟ್ಟಬೇಕು. ಗ್ರಾಹಕರ ದೂರುಗಳನ್ನು ಬಗೆಹರಿಸುವ ಒಂದು ಸಪೋರ್ಟ್ ತಂಡವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ನೋಡೋಣ.

ಯಾರ ಕೆಲಸ ಯಾವುದು?

ಮೊದಲು ಮೂರು ಪಾತ್ರಗಳನ್ನು ಬೇರ್ಪಡಿಸಿ ಬರೆದಿಡಬೇಕು. ಕೆಲಸ ಹಂಚುವುದು, ಅದರ ಗುಣಮಟ್ಟ ನೋಡುವುದು ಮ್ಯಾನೇಜರ್ ಹೊಣೆ. ಸಂಬಳ, ರಜೆ, ಕಾಗದಪತ್ರಗಳು ಎಚ್‌ಆರ್ ವಿಭಾಗದ್ದು. ಈ ಇಬ್ಬರನ್ನೂ ಕೇಳಲು ಮುಜುಗರವಾಗುವ ಪ್ರಶ್ನೆಗಳು ಜೊತೆಗಾರರ ಪಾಲಿನವು. ಮೇಲಿನವರನ್ನು ‘ಸರ್’ ಎನ್ನಬೇಕೋ ಹೆಸರು ಹಿಡಿದು ಕರೆಯಬೇಕೋ, ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿದರೆ ತಪ್ಪು ತಿಳಿಯುತ್ತಾರೋ, ಆರು ಗಂಟೆಗೆ ಎದ್ದು ಹೊರಟರೆ ನಡೆಯುತ್ತದೋ, ಎಲ್ಲರೂ ಹಿಂದಿಯಲ್ಲಿ ಮಾತಾಡುವ ಊಟದ ಮೇಜಿನಲ್ಲಿ ಕನ್ನಡವೊಂದೇ ಚೆನ್ನಾಗಿ ಬರುವವರು ಏನು ಮಾಡಬೇಕು ಎಂಬಂಥವು. ಇವು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ದಾವಣಗೆರೆಯಿಂದಲೋ ಬೀದರಿನಿಂದಲೋ ಮೊದಲ ಸಲ ಬಂದವರಿಗೆ ತಾಂತ್ರಿಕ ವಿಷಯಗಳಿಗಿಂತ ಇವೇ ಹೆಚ್ಚು ಭಾರವಾಗಬಹುದು.

ಮುಜುಗರದ ಪ್ರಶ್ನೆಗಳನ್ನು ಕೇಳಬೇಕಾದರೆ ಅವು ಮೌಲ್ಯಮಾಪನಕ್ಕೆ ಹೋಗುವುದಿಲ್ಲ ಎಂಬ ಭರವಸೆ ಬೇಕು. ಮ್ಯಾನೇಜರ್ ಕಾರಿಡಾರಿನಲ್ಲಿ ಸಿಕ್ಕ ಜೊತೆಗಾರರನ್ನು ‘ಹೊಸಬರು ಹೇಗೆ, ಚುರುಕಿದ್ದಾರಾ?’ ಎಂದು ಸಹಜವಾಗಿಯೇ ಕೇಳಿ, ಆ ಸುದ್ದಿ ಹೊಸಬರ ಕಿವಿಗೆ ಬಿದ್ದರೆ, ಅಲ್ಲಿಗೆ ಆ ಜೋಡಿಯ ಕಥೆ ಮುಗಿಯಿತು. ಹಾಗೆ ಕೇಳಬಾರದೆಂದು ಮ್ಯಾನೇಜರಿಗೆ ಮೊದಲೇ ಹೇಳಿರಬೇಕು. ಇದಕ್ಕೆ ಒಂದು ಅಪವಾದವಿದೆ. ಕಿರುಕುಳದಂಥ ಗಂಭೀರ ವಿಷಯ ಕೇಳಿಬಂದರೆ ಜೊತೆಗಾರರು ತಾವೇ ಸಂಧಾನಕ್ಕೆ ಇಳಿಯಬಾರದು. 2013ರ ಕಾಯ್ದೆಯಂತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದು ಜೊತೆಗಾರರಿಗೆ ಗೊತ್ತಿದ್ದರೆ ಸಾಕು.

ಆಯ್ಕೆ

ತಂಡದ ಅತ್ಯಂತ ನುರಿತವರನ್ನೇ ಜೊತೆಗಾರರನ್ನಾಗಿ ಮಾಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಎಲ್ಲರೂ ಕರೆಯುವುದು ಅವರನ್ನೇ ಆದ್ದರಿಂದ ಅವರಿಗೆ ಬಿಡುವಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಾವು ಹೊಸದಾಗಿ ಬಂದಾಗ ಏನು ಅರ್ಥವಾಗಿರಲಿಲ್ಲ ಎಂಬುದು ಅವರಿಗೆ ಮರೆತುಹೋಗಿರುತ್ತದೆ. ಸೇರಿ ಒಂದೆರಡು ವರ್ಷವಾದವರು ಈ ಕೆಲಸಕ್ಕೆ ಹೆಚ್ಚು ಸೂಕ್ತ. ಅವರು ಹೊಸಬರ ಶಿಫ್ಟಿನಲ್ಲೇ ಇರಬೇಕು, ವಾರದಲ್ಲಿ ಕೆಲವೇ ದಿನ ಕಚೇರಿಗೆ ಬರುವ ಪದ್ಧತಿಯಿದ್ದರೆ ಇಬ್ಬರ ದಿನಗಳೂ ಹೊಂದಬೇಕು, ಒಬ್ಬರ ಕೈಯಲ್ಲಿ ಒಂದು ಬಾರಿಗೆ ಒಬ್ಬರೇ ಹೊಸಬರಿರಬೇಕು. ಒಪ್ಪಿಗೆ ಕೇಳದೆ ಹೆಸರು ಹಾಕಬಾರದು. ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿರುವವರ ಹೆಸರು ಪಟ್ಟಿಗೆ ಸೇರಿಹೋಗುವ ತಮಾಷೆಯೂ ನಡೆಯುವುದುಂಟು, ಅದನ್ನೂ ಒಮ್ಮೆ ನೋಡಿಕೊಳ್ಳಬೇಕು.

ಗಂಟೆಗಳ ಲೆಕ್ಕ

ಈ ವ್ಯವಸ್ಥೆ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ಇಲ್ಲಿ. ಮೈಕ್ರೋಸಾಫ್ಟ್ ಕಂಪನಿ ತನ್ನಲ್ಲಿ ನಡೆಸಿದ ಪ್ರಯೋಗವೊಂದರ ವಿವರಗಳು 2019ರಲ್ಲಿ ಪ್ರಕಟವಾದವು. ಮೊದಲ 90 ದಿನಗಳಲ್ಲಿ ಜೊತೆಗಾರರನ್ನು ಒಮ್ಮೆಯಾದರೂ ಭೇಟಿಯಾಗಿದ್ದ ಹೊಸಬರಲ್ಲಿ ಶೇ 56ರಷ್ಟು ಮಂದಿ, ತಾವು ಬೇಗ ಕೆಲಸಕ್ಕೆ ಒದಗುವಂತಾಗಲು ಜೊತೆಗಾರರು ನೆರವಾದರು ಎಂದಿದ್ದರು. ಎಂಟಕ್ಕಿಂತ ಹೆಚ್ಚು ಬಾರಿ ಭೇಟಿಯಾದವರಲ್ಲಿ ಈ ಪ್ರಮಾಣ ಶೇ 97 ಇತ್ತು. ಈ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು: ಜೊತೆಗಾರರು ಇಷ್ಟವಾದ ಕಾರಣಕ್ಕೇ ಹೆಚ್ಚು ಬಾರಿ ಭೇಟಿಯಾದವರೂ ಅದರಲ್ಲಿ ಇರಬಹುದು. ಆದರೂ ಮೊದಲ ದಿನದ ಒಂದು ಊಟದಿಂದ ಕೆಲಸ ಆಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಎಷ್ಟು ಭೇಟಿ ಬೇಕು? ಸಪೋರ್ಟ್ ತಂಡಕ್ಕೆ ಹೀಗೊಂದು ಲೆಕ್ಕ ಹಾಕಬಹುದು. ಮೊದಲ ವಾರ ದಿನಕ್ಕೊಮ್ಮೆ, ಅಂದರೆ ಐದು ಭೇಟಿ. ಎರಡರಿಂದ ನಾಲ್ಕನೇ ವಾರದವರೆಗೆ ವಾರಕ್ಕೆರಡರಂತೆ ಆರು. ಆಮೇಲೆ ಹನ್ನೆರಡನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಒಟ್ಟು ನಾಲ್ಕು. ಹದಿನೈದು ಭೇಟಿಗಳು, ಅರ್ಧರ್ಧ ಗಂಟೆಯಂತೆ ಏಳೂವರೆ ಗಂಟೆ. ನಡುನಡುವೆ ಬರುವ ಪ್ರಶ್ನೆಗಳಿಗೆ ಇನ್ನೂ ಅಷ್ಟೇ ಸಮಯ ಹಿಡಿದರೆ ಮೂರು ತಿಂಗಳಲ್ಲಿ ಸುಮಾರು ಹದಿನೈದು ಗಂಟೆ, ಎಂದರೆ ಎರಡು ದಿನದ ಕೆಲಸವಾಯಿತು.

ಈ ಎರಡು ದಿನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಹೆಚ್ಚಿನ ಕಂಪನಿಗಳು ಕೇಳುವುದೇ ಇಲ್ಲ. ಜೊತೆಗಾರರು ದಿನಕ್ಕೆ ಇಪ್ಪತ್ತು ಟಿಕೆಟ್, ಅಂದರೆ ದಾಖಲಾದ ದೂರುಗಳನ್ನು, ಮುಗಿಸಬೇಕೆಂಬ ಗುರಿ ಹಾಗೆಯೇ ಉಳಿದರೆ, ಅವರು ಹೊಸಬರಿಗೆ ಕೊಡುವ ಪ್ರತಿ ಅರ್ಧ ಗಂಟೆಯೂ ಅವರ ಅಂಕಿಗಳನ್ನು ಕೆಳಗಿಳಿಸುತ್ತದೆ. ತಿಂಗಳ ಕೊನೆಯಲ್ಲಿ ಹೊಸಬರ ಭೇಟಿಯೇ ಮೊದಲು ರದ್ದಾಗುವುದು ಸಹಜ. ಆದ್ದರಿಂದ ಮೊದಲ ವಾರ ಆ ಗುರಿಯನ್ನು ಹದಿನೇಳಕ್ಕೆ, ಮುಂದಿನ ಮೂರು ವಾರ ಹದಿನೆಂಟಕ್ಕೆ ಇಳಿಸಿ, ಅದನ್ನು ಮ್ಯಾನೇಜರ್ ಇಮೇಲಿನಲ್ಲಿ ಬರೆದುಕೊಡಬೇಕು. ಕೊನೆಯಲ್ಲಿ ಕೊಡುವ ಗಿಫ್ಟ್ ವೋಚರ್ ಇದಕ್ಕೆ ಬದಲಿಯಾಗದು. ಹೊಸಬರು ಬರುವ ಮೊದಲೇ ಹದಿನೈದೂ ಭೇಟಿಗಳನ್ನು ಇಬ್ಬರ ಕ್ಯಾಲೆಂಡರಿನಲ್ಲಿ ಹಾಕಿಬಿಡಬೇಕು. ‘ಬಿಡುವಾದಾಗ ಸಿಗೋಣ’ ಎಂದು ಬಿಟ್ಟರೆ ಆ ಬಿಡುವು ಬರುವುದಿಲ್ಲ.

ಭೇಟಿಯಲ್ಲಿ ಏನು ಮಾಡಬೇಕು?

‘ಎಲ್ಲ ಸರಿಯಾಗಿದೆಯಾ?’ ಎಂದು ಕೇಳಿದರೆ ‘ಹ್ಞಾ, ಸರಿಯಾಗಿದೆ’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ‘ಈ ವಾರ ಯಾವ ಕೆಲಸದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಸಿಕ್ಕಿಹಾಕಿಕೊಂಡಿರಿ? ಅದನ್ನು ತೆರೆದು ತೋರಿಸಿ’ ಎಂದು ಕೇಳಬೇಕು. ಮೊದಲ ವಾರ ಹೊಸಬರು ಪಕ್ಕದಲ್ಲಿ ಕುಳಿತು ಜೊತೆಗಾರರು ಟಿಕೆಟ್ ಬಗೆಹರಿಸುವುದನ್ನು ನೋಡಲಿ. ಎರಡನೇ ವಾರದಿಂದ ಹೊಸಬರ ಪರದೆಯೇ ತೆರೆದಿರಲಿ.

ಇದರಿಂದ ಆಗುವ ವ್ಯತ್ಯಾಸಕ್ಕೆ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮೂರನೇ ವಾರ ಹೊಸಬರಿಗೆ ಒಂದು ದೂರು ಬರುತ್ತದೆ: ಗ್ರಾಹಕರ ಜಿಎಸ್‌ಟಿ ಇನ್‌ವಾಯ್ಸಿನಲ್ಲಿ ಮೊತ್ತ ಹೆಚ್ಚಾಗಿ ನಮೂದಾಗಿದೆ. ಇದಕ್ಕೆ ಹೆಚ್ಚಾದ ಮೊತ್ತವನ್ನು ಕಳೆಯುವ ಕ್ರೆಡಿಟ್ ನೋಟ್ ಕೊಡಬೇಕು, ಅದನ್ನು ಕೊಡುವುದು ಅಕೌಂಟ್ಸ್ ವಿಭಾಗ. ‘ಪೋರ್ಟಲಿನಲ್ಲಿ ವಿನಂತಿ ಸಲ್ಲಿಸಿ’ ಎಂದು ಕೈಪಿಡಿಯಲ್ಲಿದೆ. ಹೊಸಬರು ಸಲ್ಲಿಸಿ ಕಾಯುತ್ತಾರೆ. ಎರಡು ದಿನವಾದರೂ ಏನೂ ಆಗುವುದಿಲ್ಲ. ಗ್ರಾಹಕರ ಇಮೇಲನ್ನು ಲಗತ್ತಿಸದ ವಿನಂತಿಯನ್ನು ಅಕೌಂಟ್ಸಿನವರು ತೆರೆಯುವುದೇ ಇಲ್ಲ ಎಂಬ ಸಂಗತಿ ತಂಡದ ಹಳಬರಿಗೆಲ್ಲ ಗೊತ್ತು, ಆದರೆ ಎಲ್ಲೂ ಬರೆದಿಲ್ಲ. ಆ ವಾರದ ಭೇಟಿ ರದ್ದಾಗಿದ್ದರೆ ಟಿಕೆಟ್ಟಿನ ಗಡುವು ಮೀರಿ, ಗ್ರಾಹಕರು ಮೇಲಿನವರಿಗೆ ದೂರಿ, ಮ್ಯಾನೇಜರಿಗೆ ಇದು ಹೊಸಬರ ನಿಧಾನವಾಗಿ ಕಾಣುತ್ತದೆ. ಭೇಟಿ ನಡೆದಿದ್ದರೆ ಜೊತೆಗಾರರು ಪರದೆಯನ್ನು ನೋಡಿದ ಕ್ಷಣವೇ ‘ಇಮೇಲ್ ಎಲ್ಲಿ?’ ಎನ್ನುತ್ತಾರೆ. ಆಮೇಲೆ ಆ ಒಂದು ಸಾಲನ್ನು ಕೈಪಿಡಿಗೆ ಸೇರಿಸುವ ಕೆಲಸವನ್ನು ಹೊಸಬರಿಗೇ ವಹಿಸಬೇಕು. ಮುಂದೆ ಬರುವವರಿಗೆ ಆ ಎರಡು ದಿನ ಉಳಿಯುತ್ತದೆ, ಇವರಿಗೂ ತಾವು ತಂಡಕ್ಕೆ ಏನೋ ಕೊಟ್ಟ ಸಮಾಧಾನವಿರುತ್ತದೆ.

ಯಾರು ಗಮನಿಸುತ್ತಾರೆ?

ಹದಿನೈದರಲ್ಲಿ ಒಂದೆರಡು ಭೇಟಿ ತಪ್ಪುವುದು ಇದ್ದದ್ದೇ. ತಪ್ಪಿದ್ದು ಯಾರ ಕಣ್ಣಿಗೂ ಬೀಳದಿರುವುದು ತೊಂದರೆ. ಎಚ್‌ಆರ್ ವಿಭಾಗದಲ್ಲೋ ತಂಡದಲ್ಲೋ ಒಬ್ಬರು ಒಂದು ಶೀಟ್ ಇಟ್ಟುಕೊಳ್ಳಬೇಕು: ಇಬ್ಬರ ಹೆಸರು, ಮುಂದಿನ ಭೇಟಿಯ ದಿನಾಂಕ, ಹಿಂದಿನದು ನಡೆಯಿತೋ ಇಲ್ಲವೋ. ಏನು ಮಾತಾಡಿದರು ಎಂಬ ಕಾಲಂ ಇರಕೂಡದು; ಅದು ಬಂದ ದಿನ ಮುಜುಗರದ ಪ್ರಶ್ನೆಗಳು ನಿಲ್ಲುತ್ತವೆ. ವಿಚಾರಿಸುವಾಗ ಹೊಸಬರನ್ನೇ ಕೇಳಬೇಕು, ಅದೂ ‘ಕೊನೆಯ ಬಾರಿ ಕುಳಿತು ಮಾತಾಡಿದ್ದು ಯಾವತ್ತು?’ ಎಂದು. ‘ನಿಯಮಿತವಾಗಿ ನಡೆಯುತ್ತಿದೆ’ ಎಂಬ ಉತ್ತರಕ್ಕೆ ಈ ಪ್ರಶ್ನೆಯಲ್ಲಿ ಜಾಗವಿಲ್ಲ.

ಸತತ ಎರಡು ಭೇಟಿ ತಪ್ಪಿದರೆ ಕಾರಣ ಹುಡುಕಬೇಕು. ಅದು ಸಮಯದ ಅಭಾವವಾದರೆ ಮತ್ತೆ ಕೆಲಸದ ಗುರಿಯತ್ತ ನೋಡಬೇಕು. ಇಬ್ಬರಿಗೂ ಹೊಂದಿಕೆಯಾಗದಿದ್ದರೆ ಜೋಡಿ ಬದಲಿಸಬೇಕು. ತಾನಾಗಿ ಬಂದು ‘ಇವರು ಬೇಡ’ ಎನ್ನುವ ಹೊಸಬರು ಯಾರೂ ಇರಲಾರರು. ಅದಕ್ಕಾಗಿ ಹದಿನೈದನೇ ದಿನ ಪ್ರತಿ ಜೋಡಿಯನ್ನೂ, ಯಾವ ದೂರೂ ಇಲ್ಲದಿದ್ದಾಗಲೂ, ‘ಮುಂದುವರಿಸೋಣವೇ, ಬದಲಿಸೋಣವೇ?’ ಎಂದು ಬೇರೆ ಬೇರೆಯಾಗಿ ಕೇಳುವ ಪದ್ಧತಿ ಇಟ್ಟರೆ ಯಾರಿಗೂ ಅವಮಾನವಾಗದೆ ಬದಲಾವಣೆ ನಡೆಯುತ್ತದೆ. ಶೀಟಿನಲ್ಲಿ ಕಾಣದ ಸೂಚನೆಗಳೂ ಇವೆ: ಭೇಟಿ ಮೆಲ್ಲಗೆ ಚಾಟಿಗೆ ಜಾರುವುದು, ಹೊಸಬರು ಒಂದೇ ಪ್ರಶ್ನೆಯನ್ನು ಮೂವರನ್ನು ಕೇಳುವುದು, ಅಥವಾ ಯಾರನ್ನೂ ಏನನ್ನೂ ಕೇಳದಿರುವುದು.

ಮುಕ್ತಾಯ ಮತ್ತು ಮಿತಿ

ತೊಂಬತ್ತನೇ ದಿನಕ್ಕೆ ಇದನ್ನು ವಿಧಿವತ್ತಾಗಿ ಮುಗಿಸಬೇಕು. ಕೊನೆಯ ದಿನಾಂಕ ಗೊತ್ತಿದ್ದರೆ ಜೊತೆಗಾರರಾಗಲು ಒಪ್ಪುವವರು ಹೆಚ್ಚು, ನಡುವೆ ಕೈಬಿಡುವವರು ಕಡಿಮೆ. ಕೊನೆಯ ಭೇಟಿಯಲ್ಲಿ ಹೊಸಬರು ‘ಮೊದಲ ವಾರವೇ ಯಾರಾದರೂ ಹೇಳಬೇಕಿತ್ತು’ ಎನಿಸಿದ ಸಂಗತಿಗಳನ್ನು ಅರ್ಧ ಪುಟ ಬರೆದುಕೊಡಲಿ; ಅದು ಮುಂದಿನ ಜೊತೆಗಾರರ ಕೈಗೆ ಹೋಗಲಿ. ಕೆಲಸವನ್ನೇ ಹಂಚದ ಮ್ಯಾನೇಜರನ್ನಾಗಲಿ, ಸಂದರ್ಶನದಲ್ಲಿ ಹೇಳಿದ್ದಕ್ಕಿಂತ ಬೇರೆಯದೇ ಆದ ಹುದ್ದೆಯನ್ನಾಗಲಿ ಜೊತೆಗಾರರು ಸರಿಪಡಿಸಲಾರರು, ಅವರಿಂದ ಅದನ್ನು ನಿರೀಕ್ಷಿಸಲೂ ಬಾರದು.

ಹತ್ತು ಹದಿನೈದು ಜನರ ಸಣ್ಣ ಕಚೇರಿಗೆ ಶೀಟ್ ಬೇಕಿಲ್ಲ. ಕ್ಯಾಲೆಂಡರಿನ ದಿನಾಂಕಗಳು ಮತ್ತು ಮಾಲೀಕರ ವಾರದ ಒಂದು ಪ್ರಶ್ನೆ ಸಾಕು. ಕ್ಯಾಂಪಸ್ ಆಯ್ಕೆಯವರು ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಸೇರಿದಾಗ ಮಾತ್ರ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಷ್ಟು ಜೊತೆಗಾರರು ಸಿಗುವುದಿಲ್ಲ. ಆಗ ಒಬ್ಬರ ಕೈಗೆ ಐದು ಜನರನ್ನು ಕೊಡುವ ಬದಲು, ಒಬ್ಬರಿಗೆ ಇಬ್ಬರಂತೆ ಹಂಚಿ, ಉಳಿದವರ ಸೇರ್ಪಡೆಯ ದಿನವನ್ನು ಎರಡು ಮೂರು ವಾರ ಮುಂದಕ್ಕೆ ಹಾಕುವುದು ಮೇಲು. ಹಾಗೆ ಹಾಕುವುದಾದರೆ, ಅವರು ಊರು ಬಿಟ್ಟು ಪಿಜಿಗೆ ಮುಂಗಡ ಕಟ್ಟುವ ಮೊದಲೇ ಆ ವಿಷಯವನ್ನು ತಿಳಿಸಬೇಕು.